ಕೋಟಿಯಿಂದ ಮಿಲಿಯನ್ನಿಗೆ ಹೋಗುವಾಗ 4,32,000 ರೂಪಾಯಿ ಎಲ್ಲಿಂದ ಬಂತು?

ಪ್ರಶ್ನೆ: ಸಾರ್, ನಮ್ಮದು ಮದ್ದೂರು ತಾಲ್ಲೂಕಿನ ರೈತ ಉತ್ಪಾದಕ ಕಂಪನಿ. ಬೆಲ್ಲದ ಪುಡಿ ಘಟಕಕ್ಕೆ ಹೊರದೇಶದ ಸಂಸ್ಥೆಯೊಂದು ಸಾಲ ಕೊಡಲು ಮುಂದೆ ಬಂದಿದೆ. ಕನ್ನಡದಲ್ಲಿದ್ದ ಯೋಜನೆಯ ಸಾರಾಂಶವನ್ನು ನಮ್ಮಣ್ಣನ ಮಗ ಇಂಗ್ಲಿಷಿನಲ್ಲಿ ಬರೆದುಕೊಟ್ಟ. ನಮ್ಮ ಲೆಕ್ಕದಲ್ಲಿ ಮೊದಲ ವರ್ಷದ ಮಾರಾಟ 1 ಕೋಟಿ 73 ಲಕ್ಷ. ಅವನ ಇಂಗ್ಲಿಷಿನಲ್ಲಿ 17.7 ಮಿಲಿಯನ್ ಅಂತಿದೆ. ಲಾಭ 30 ಲಕ್ಷ ಅಂದಿದ್ದನ್ನು ನೆಟ್ ಪ್ರಾಫಿಟ್ 3 ಮಿಲಿಯನ್ ಅಂತ ಬರೆದಿದ್ದಾನೆ. ಸಾಲ ಕೊಡುವವರು ನಮ್ಮ ಲೆಕ್ಕದ ಪಟ್ಟಿಗೂ ಸಾರಾಂಶಕ್ಕೂ ತಾಳೆ ಆಗುತ್ತಿಲ್ಲ ಅಂತ ಪತ್ರ ಬರೆದಿದ್ದಾರೆ. ಎಲ್ಲಿ ತಪ್ಪಾಗಿದೆ, ಹೇಗೆ ಸರಿಪಡಿಸುವುದು? ಎರಡೂ ಪ್ರತಿ ಕಳಿಸಿದ್ದೇನೆ.

ಉತ್ತರ:

ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿಮ್ಮಣ್ಣನ ಮಗನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಕೋಟಿಯನ್ನು ಮಿಲಿಯನ್ನಿಗೆ ತಿರುಗಿಸುವಾಗಲೂ ಅವರು ಎಡವಿಲ್ಲ. ಒಂದು ಕೋಟಿ ಅಂದರೆ 10 ಮಿಲಿಯನ್, ಹಾಗಾಗಿ 1.73 ಕೋಟಿ 17.3 ಮಿಲಿಯನ್ ಆಗಬೇಕು. 17.7 ಆಗಿರುವುದು ಬೇರೆ ಕಾರಣಕ್ಕೆ. ಅದನ್ನು ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು. ಇಪ್ಪತ್ತು ವರ್ಷದಿಂದ ಮೈಸೂರಿನಲ್ಲಿ ಕೂತು ಇಂಥ ಕಾಗದಗಳನ್ನು ಬರೆದುಕೊಡುತ್ತಿದ್ದೇನೆ. ಹೆಚ್ಚಿನ ಕಡತಗಳು ಸಿಕ್ಕಿಹಾಕಿಕೊಳ್ಳುವುದು ಇದೇ ಜಾಗದಲ್ಲಿ.

ನಿಮ್ಮ ಕನ್ನಡ ಪ್ರತಿಯ ಎರಡನೇ ಪುಟದಲ್ಲಿ ಲೆಕ್ಕ ಹೀಗಿದೆ. ದಿನಕ್ಕೆ 20 ಟನ್ ಕಬ್ಬು ಅರೆಯುವ ಗಾಣ, ವರ್ಷಕ್ಕೆ 240 ದಿನ ಕೆಲಸ. ಪೂರ್ತಿ ನಡೆದರೆ 4,800 ಟನ್. ಮೊದಲ ವರ್ಷ ಶೇ 60ರಷ್ಟು ಮಾತ್ರ ನಡೆಯುತ್ತದೆ ಅಂತ ಹಿಡಿದಿದ್ದೀರಿ, ಅಲ್ಲಿಗೆ 2,880 ಟನ್. ನೂರು ಕೆಜಿ ಕಬ್ಬಿಗೆ ಹತ್ತು ಕೆಜಿ ಬೆಲ್ಲ ಅಂತ ಇಳುವರಿ ಹಿಡಿದಿದ್ದೀರಿ. ಬೆಲ್ಲ 288 ಟನ್ ಆಯಿತು. ಕೆಜಿಗೆ 60 ರೂಪಾಯಿಯಂತೆ 1,72,80,000 ರೂಪಾಯಿ. ಇದನ್ನೇ ಮೊದಲ ಪುಟದಲ್ಲಿ 1.73 ಕೋಟಿ ಅಂತ ದುಂಡಗೆ ಮಾಡಿದ್ದೀರಿ. ಲೆಕ್ಕ ಸರಿಯಾಗಿದೆ.

ಅದೇ ಪುಟದ ಕೆಳಗೆ ಇನ್ನೊಂದು ವಾಕ್ಯ ಇದೆ: ‘ಸರ್ಕಾರದ ದರ 10.25 ರಿಕವರಿಗೆ ಟನ್ನಿಗೆ 3,550 ಇದ್ದು, ನಾವು 3,500 ಹಿಡಿದಿದ್ದೇವೆ.’ ಮಂಡ್ಯದಲ್ಲಿ ಕಬ್ಬು ಬೆಳೆಯುವ ಯಾರಿಗೇ ಆಗಲಿ ಈ ವಾಕ್ಯ ಸಲೀಸಾಗಿ ಅರ್ಥವಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ. ಆ ದರ ಶೇ 10.25 ಸಕ್ಕರೆ ಇಳುವರಿ ಬರುವ ಕಬ್ಬಿಗೆ. ಅದು ಸಕ್ಕರೆ ಕಾರ್ಖಾನೆಗಳಿಗೆ ಕಟ್ಟಿದ ದರ, ಆಲೆಮನೆಗೆ ಅನ್ವಯಿಸುವುದಿಲ್ಲ. ರೈತರು ನಮಗೆ ಯಾಕೆ ಕಬ್ಬು ಕೊಡುತ್ತಾರೆ ಅಂತ ತೋರಿಸುವುದಕ್ಕೆ ಹೋಲಿಕೆಗಾಗಿ ನೀವು ಅದನ್ನು ಬರೆದಿದ್ದೀರಿ.

ಬೆಂಗಳೂರಿನಲ್ಲಿ ಓದಿ ಕೆಲಸಕ್ಕೆ ಸೇರಿದ ಹುಡುಗನಿಗೆ ಅಲ್ಲಿ ಕಂಡಿದ್ದು ‘ರಿಕವರಿ 10.25’ ಅಷ್ಟೇ. ಮೇಲೆ ‘ಇಳುವರಿ ಶೇ 10’ ಅಂತಿದೆ, ಕೆಳಗೆ ‘ರಿಕವರಿ 10.25’ ಅಂತಿದೆ. ಎರಡೂ ಒಂದೇ, ಕೆಳಗಿನದು ಹೆಚ್ಚು ಕರಾರುವಾಕ್ಕಾದ ಸಂಖ್ಯೆ ಅಂತ ತಿಳಿದು ಅದನ್ನೇ ಬಳಸಿ ಮತ್ತೆ ಗುಣಿಸಿದ್ದಾರೆ. 2,880 ಟನ್ನಿಗೆ ಶೇ 10.25 ಅಂದರೆ 295.2 ಟನ್ ಬೆಲ್ಲ, ಕೆಜಿಗೆ 60ರಂತೆ 1,77,12,000 ರೂಪಾಯಿ. ಅದೇ 17.7 ಮಿಲಿಯನ್. ನಿಮ್ಮ ಮಾರಾಟ ಕಾಗದದ ಮೇಲೆ 4,32,000 ರೂಪಾಯಿ ಬೆಳೆದದ್ದು ಹೀಗೆ. ಸಕ್ಕರೆಯ ಇಳುವರಿ ಬೆಲ್ಲದ ಇಳುವರಿಯ ಜಾಗದಲ್ಲಿ ಬಂದು ಕೂತಿದೆ.

ಇದರಲ್ಲಿ ಅವರನ್ನು ದೂರಬೇಡಿ. ನಾವು ಕನ್ನಡದಲ್ಲಿ ಬರೆಯುವಾಗ ಓದುವವರು ನಮ್ಮ ಊರಿನವರೇ ಅಂತ ಅಂದುಕೊಂಡು ಬರೆಯುತ್ತೇವೆ. ಸಂಖ್ಯೆಯನ್ನು ಬರೆಯುತ್ತೇವೆ, ಅದು ಯಾವುದರ ಮೇಲೆ ನಿಂತಿದೆ ಅನ್ನುವುದನ್ನು ಓದುಗರ ತಲೆಗೆ ಬಿಡುತ್ತೇವೆ. ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದರೆ ಸಂಖ್ಯೆ ಆಚೆ ದಡ ಸೇರುತ್ತದೆ, ಅದರ ಬುಡ ಈಚೆಯೇ ಉಳಿಯುತ್ತದೆ. ಹಾಗಾಗಿ ನಾನು ಯಾವ ಸಾರಾಂಶವನ್ನೂ ಕನ್ನಡದ ವಾಕ್ಯ ನೋಡಿಕೊಂಡು ಇಂಗ್ಲಿಷಿಗೆ ಬರೆಯುವುದಿಲ್ಲ. ಮೊದಲು ಒಂದು ಅಂಕಿಪಟ್ಟಿ ಮಾಡುತ್ತೇನೆ. ಅದನ್ನು ನೀವು ಒಂದು ಸಂಜೆ ಕೂತು ಮಾಡಬಹುದು.

ಒಂದು ಉದ್ದನೆಯ ಹಾಳೆ ತೆಗೆದುಕೊಂಡು ಕನ್ನಡ ಪ್ರತಿಯಲ್ಲಿರುವ ಪ್ರತಿಯೊಂದು ಸಂಖ್ಯೆಯನ್ನು ಒಂದೊಂದು ಸಾಲಿಗೆ ಇಳಿಸಿ. ದಿನ, ಶೇಕಡಾ, ಎಕರೆ, ಯಾವುದನ್ನೂ ಬಿಡಬೇಡಿ. ಪಕ್ಕದಲ್ಲಿ ಅದರ ಅಳತೆ ಏನು, ಯಾವ ವರ್ಷದ್ದು, ಎಲ್ಲಿಂದ ಬಂತು, ನಾವು ಹಿಡಿದದ್ದೋ ಲೆಕ್ಕದಿಂದ ಬಂದದ್ದೋ ಅಂತ ಬರೆಯಿರಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಪ್ರತಿಯಲ್ಲಿ 240 ದಿನ, ಶೇ 60, ಇಳುವರಿ ಶೇ 10, ಕಬ್ಬಿಗೆ 3,500, ಬೆಲ್ಲಕ್ಕೆ 60 ರೂಪಾಯಿ, ಈ ಐದು ನೀವು ಹಿಡಿದದ್ದು. 2,880 ಟನ್, 288 ಟನ್, 1,72,80,000 ರೂಪಾಯಿ ಅವುಗಳಿಂದ ಹುಟ್ಟಿದ್ದು. ಹಿಡಿದ ಸಂಖ್ಯೆಯನ್ನು ಇಂಗ್ಲಿಷಿಗೆ ಇದ್ದ ಹಾಗೇ ಸಾಗಿಸಬೇಕು. ಹುಟ್ಟಿದ ಸಂಖ್ಯೆಯನ್ನು ಮೂಲದಿಂದಲೇ ತೆಗೆದುಕೊಳ್ಳಬೇಕು. ಇಂಗ್ಲಿಷ್ ಬರೆಯುವವರು ಕೂತು ಮತ್ತೆ ಗುಣಿಸಿ ಹೊಸ ಸಂಖ್ಯೆ ಹುಟ್ಟಿಸಬಾರದು. ಗುಣಿಸಿ ನೋಡಿದಾಗ ಬೇರೆ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ ನಿಮ್ಮನ್ನು ಕೇಳಬೇಕು. ನಿಮ್ಮ ಹುಡುಗ ಆ 17.7 ಕಂಡ ದಿನ ಒಂದು ಫೋನ್ ಮಾಡಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಆ ಪಟ್ಟಿ ಕೈಯಲ್ಲಿದ್ದರೆ ಮಾರಾಟದ ಸಾಲು ಇಂಗ್ಲಿಷಿನಲ್ಲಿ ಹೀಗೆ ಬರುತ್ತದೆ. ನಾನು ಬರೆದಿರುವುದನ್ನು ಹಾಗೇ ಟೈಪ್ ಮಾಡಬಹುದು:

```
Year 1 sales: INR 17.28 million.
Basis: 2,880 tonnes of cane, 10% jaggery yield
by weight of cane, INR 60 per kg, GST excluded.
Prices held constant; no inflation assumed.
```

ಇದರಲ್ಲಿ ಕೆಲವು ಪದಗಳು ನಿಮ್ಮ ಕನ್ನಡ ಪ್ರತಿಯಲ್ಲಿ ಇಲ್ಲ. ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಇವನ್ನು ಸೇರಿಸುವ ಮೊದಲು ನೀವೇ ಖಾತರಿ ಮಾಡಿಕೊಳ್ಳಬೇಕು.

ಮೊದಲನೆಯದು, 17.3 ಬಿಟ್ಟು 17.28 ಅಂತ ಬರೆದಿದ್ದೇನೆ. ನೀವು 1,72,80,000ವನ್ನು 1.73 ಕೋಟಿ ಮಾಡಿದ್ದು ಒಂದು ಸಲ ದುಂಡಗೆ ಮಾಡಿದ ಹಾಗೆ. ಅದನ್ನು ಹಿಡಿದು ಡಾಲರಿಗೆ ತಿರುಗಿಸಿ ಮತ್ತೆ ದುಂಡಗೆ ಮಾಡಿದರೆ ಎರಡು ಸಲ ಸವೆಯುತ್ತದೆ. ಪಟ್ಟಿಯಲ್ಲಿರುವ ಪೂರ್ತಿ ಸಂಖ್ಯೆಯಿಂದಲೇ ನೇರವಾಗಿ ಹೋಗಿ. ಸಾರಾಂಶಕ್ಕೂ ಪಟ್ಟಿಗೂ ಕೂದಲೆಳೆಯ ವ್ಯತ್ಯಾಸ ಕಂಡರೂ ಸಾಲ ಕೊಡುವವರ ಕಡೆಯ ಲೆಕ್ಕಿಗರು ಅದರ ಕಾರಣ ಕೇಳುತ್ತಾರೆ.

ಎರಡನೆಯದು ‘ಟನ್’. ನಮಗೆ ಟನ್ ಅಂದರೆ ಸಾವಿರ ಕೆಜಿ, ಇನ್ನೊಂದು ಟನ್ ಇದೆ ಅಂತಲೇ ನಮಗೆ ಹೊಳೆಯುವುದಿಲ್ಲ. ಅಮೆರಿಕದವರ ಟನ್ ಸುಮಾರು 907 ಕೆಜಿ. ಆ ಲೆಕ್ಕದಲ್ಲಿ ಓದಿದರೆ ನಿಮ್ಮ ಕಬ್ಬು ಹತ್ತಿರ ಹತ್ತಿರ ಒಂಬತ್ತು ಶೇಕಡಾ ಕಡಿಮೆಯಾಗುತ್ತದೆ. ಕೊನೆಗೆ ಎನ್‌ಇ ಸೇರಿಸಿ ಬರೆಯುವ ‘ಟನ್’ ಅಥವಾ ಮೆಟ್ರಿಕ್ ಟನ್ ಅಂತ ಬರೆದರೆ ಸಂಶಯ ಉಳಿಯುವುದಿಲ್ಲ. ಎಕರೆಗೂ ಹೀಗೇ ಮಾಡಿ. ಸದಸ್ಯರ 150 ಎಕರೆ ಅನ್ನುವ ಜಾಗದಲ್ಲಿ ಎಕರೆಯನ್ನೇ ಉಳಿಸಿ, ಪಕ್ಕದಲ್ಲಿ ಸುಮಾರು 61 ಹೆಕ್ಟೇರ್ ಅಂತ ಕೊಡಿ. ಮೂಲ ಅಳತೆಯನ್ನು ಅಳಿಸಬೇಡಿ. ನಾಳೆ ಯಾರಾದರೂ ಪಹಣಿ ತೆಗೆದು ನೋಡಿದರೆ ಅಲ್ಲಿರುವುದು ಎಕರೆ, ಗುಂಟೆ.

ಮೂರನೆಯದು ಜಿಎಸ್‌ಟಿ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈನಿಂದ ಶೇ 5 ಬಿದ್ದಿದೆ. ನೀವು ಮಾರುವುದು ಪೊಟ್ಟಣದ ಪುಡಿ. ಹಾಗಾದರೆ ಆ 60 ರೂಪಾಯಿ ತೆರಿಗೆ ಸೇರಿದ್ದೋ ಬಿಟ್ಟದ್ದೋ? ಕನ್ನಡ ಪ್ರತಿ ಏನೂ ಹೇಳುವುದಿಲ್ಲ. ಸೇರಿದ್ದು ಅಂತಾದರೆ ನಿಮ್ಮ ಕೈಗೆ ಬರುವುದು ಕೆಜಿಗೆ 57 ರೂಪಾಯಿ ಚಿಲ್ಲರೆ, ವರ್ಷದ ಮಾರಾಟ ಸುಮಾರು 8 ಲಕ್ಷ ಕಡಿಮೆಯಾಗುತ್ತದೆ. ಬಿಟ್ಟದ್ದು ಅಂತ ಭಾವಿಸಿ ನಾನು ಮೇಲಿನ ಸಾಲು ಬರೆದಿದ್ದೇನೆ. ನಿಮ್ಮ ಲೆಕ್ಕ ಹಾಕಿದವರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಆಮೇಲೆ ಕಳಿಸಿ.

ನಾಲ್ಕನೆಯದು ಬೆಲೆ ಏರಿಕೆ. ನೀವು ಮೂರು ವರ್ಷಕ್ಕೂ 60 ರೂಪಾಯಿಯನ್ನೇ ಹಿಡಿದಿದ್ದೀರಿ, ಕಬ್ಬಿಗೂ 3,500ನ್ನೇ ಹಿಡಿದಿದ್ದೀರಿ. ಮಾರಾಟ 1.728 ಕೋಟಿಯಿಂದ ಮೂರನೇ ವರ್ಷ 2.304 ಕೋಟಿಗೆ ಹೋಗುವುದು ಗಾಣ ಶೇ 60ರ ಬದಲು ಶೇ 80 ನಡೆಯುವುದರಿಂದ ಮಾತ್ರ. ಇದು ನಿಮ್ಮ ಯೋಜನೆಯ ಬಲ. ಬೆಲೆ ಏರಿಸಿ ಲೆಕ್ಕ ಉಬ್ಬಿಸಿಲ್ಲ. ಆದರೆ ಹೇಳದಿದ್ದರೆ ಓದುವವರಿಗೆ ಗೊತ್ತಾಗುವುದಿಲ್ಲ. ಏರಿಕೆಯಲ್ಲಿ ಹಣದುಬ್ಬರವೂ ಸೇರಿದೆ ಅಂತ ಅವರು ತಿಳಿದುಕೊಳ್ಳಬಹುದು.

ಕಬ್ಬಿನ ದರದಲ್ಲಿ ಇನ್ನೊಂದು ಮೌನ ಇದೆ. 3,500 ಅಂದರೆ ಗದ್ದೆಯಲ್ಲೋ, ನಿಮ್ಮ ಗಾಣದ ಬಾಗಿಲಲ್ಲೋ? ಎಫ್‌ಆರ್‌ಪಿ ಕಾರ್ಖಾನೆ ಬಾಗಿಲಿನ ದರ, ಕಡಿಯುವ ಕೂಲಿ ಮತ್ತು ಸಾಗಣೆ ರೈತರ ದುಡ್ಡಿನಿಂದಲೇ ಮುರಿದುಹೋಗುತ್ತದೆ. ನೀವು ಗದ್ದೆಯಲ್ಲೇ 3,500 ಕೊಟ್ಟು ಕಡಿತ, ಸಾಗಣೆಯನ್ನು ಕಂಪನಿಯೇ ಹೊರುವುದಾದರೆ ಅದರ ಖರ್ಚು ಪಟ್ಟಿಯಲ್ಲಿ ಎಲ್ಲಾದರೂ ಕಾಣಬೇಕು. ನಾನು ಹುಡುಕಿದೆ, ಕಾಣಲಿಲ್ಲ. ಬಾಗಿಲಿನ ದರವೇ ಆಗಿರಬಹುದು. ಹಾಗಿದ್ದರೆ ‘ಘಟಕದ ಬಾಗಿಲಿಗೆ ತಲುಪಿಸಿದ ದರ’ ಅಂತ ಕನ್ನಡದಲ್ಲೇ ಮೊದಲು ಬರೆಯಿರಿ. ಎಫ್‌ಆರ್‌ಪಿ ಹೋಲಿಕೆಯನ್ನು ಇಂಗ್ಲಿಷಿನಲ್ಲೂ ಉಳಿಸಿ, ಜೊತೆಗೆ ಅದು ಸಕ್ಕರೆ ಕಾರ್ಖಾನೆಗಳ ಕನಿಷ್ಠ ದರ, 10.25 ಅನ್ನುವುದು ಸಕ್ಕರೆ ಇಳುವರಿ, ಈ ಘಟಕದ ಲೆಕ್ಕದಲ್ಲಿ ಬಳಸಿಲ್ಲ ಅಂತ ಒಂದು ವಾಕ್ಯ ಸೇರಿಸಿ. ಸಕ್ಕರೆ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರ್, ನಿಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಎರಡನ್ನೂ ‘2025-26’ ಅಂತಲೇ ಬರೆದರೆ ಹೊರಗಿನವರು ಒಂದೇ ಅಂತ ತಿಳಿಯುತ್ತಾರೆ. ಮೊದಲ ಸಲ ಬರೆಯುವಾಗ ತಿಂಗಳನ್ನೂ ಹೇಳಿಬಿಡಿ.

ಈಗ ಲಾಭದ ವಿಷಯ. ಇದು ಮಾರಾಟದ ತಪ್ಪಿಗಿಂತ ದೊಡ್ಡದು.

ನಿಮ್ಮ ಪ್ರತಿಯಲ್ಲಿ ‘ಎಲ್ಲ ಖರ್ಚು ಕಳೆದು ಲಾಭ 30 ಲಕ್ಷ’ ಅಂತಿದೆ. 1,72,80,000ರಲ್ಲಿ ಕಬ್ಬಿಗೆ 1,00,80,000, ಕೂಲಿ, ಕರೆಂಟು, ಪ್ಯಾಕಿಂಗ್, ಉಳಿದದ್ದಕ್ಕೆ 42 ಲಕ್ಷ ಕಳೆದರೆ 30 ಲಕ್ಷ ಉಳಿಯುತ್ತದೆ, ನಿಜ. ನಾವು ಆಡುವ ಕನ್ನಡದಲ್ಲಿ ಇದಕ್ಕೆ ಲಾಭ ಅನ್ನುತ್ತೇವೆ, ತಪ್ಪೇನಿಲ್ಲ. ಆದರೆ ಇದರಲ್ಲಿ ಬಡ್ಡಿ ಕಳೆದಿಲ್ಲ, ಯಂತ್ರದ ಸವಕಳಿ ಕಳೆದಿಲ್ಲ. ನಿಮ್ಮದೇ ಪಟ್ಟಿ ನೋಡಿ: 1.20 ಕೋಟಿ ಸಾಲಕ್ಕೆ ಶೇ 11ರಂತೆ ಮೊದಲ ವರ್ಷದ ಬಡ್ಡಿ 13.2 ಲಕ್ಷ, ಸವಕಳಿ 13 ಲಕ್ಷ. ಎರಡನ್ನೂ ಕಳೆದರೆ ತೆರಿಗೆಗೆ ಮೊದಲು ಉಳಿಯುವುದು 3.8 ಲಕ್ಷ. ಇಂಗ್ಲಿಷಿನಲ್ಲಿ ನೆಟ್ ಪ್ರಾಫಿಟ್ ಅಂದರೆ ಎಲ್ಲ ಕಳೆದ ಮೇಲಿನದು, ತೆರಿಗೆಯೂ ಕಳೆದದ್ದು. 30 ಲಕ್ಷಕ್ಕೆ ಆ ಹೆಸರು ಕೊಟ್ಟರೆ ಲಾಭವನ್ನು ಎಂಟು ಪಟ್ಟು ಹೆಚ್ಚು ತೋರಿಸಿದ ಹಾಗಾಯಿತು. ಸಂಖ್ಯೆ ಸರಿಯಾಗಿಯೇ ಸಾಗಿದೆ, ಅದಕ್ಕೆ ಅಂಟಿಸಿದ ಹೆಸರು ಸುಳ್ಳಾಗಿದೆ. ಹೀಗೆ ಬರೆಯಿರಿ:

```
Operating surplus before interest,
depreciation and tax: INR 3.00 million
Profit before tax: INR 0.38 million
```

ಎರಡೂ ಸಾಲು ಇರಲಿ. ಎರಡನೆಯದು ಸಣ್ಣದಾಗಿ ಕಾಣುತ್ತದೆ ಅಂತ ಮುಚ್ಚಬೇಡಿ. ಸಾಲ ಕೊಡುವವರು ಮೊದಲು ನೋಡುವುದು ಮೇಲಿನ ಸಾಲನ್ನೇ, ಬಡ್ಡಿ ಕಟ್ಟುವ ಹಣ ಅದರಿಂದಲೇ ಬರಬೇಕು. ಕೆಳಗಿನದನ್ನು ಅವರು ನಿಮ್ಮ ಪಟ್ಟಿಯಿಂದ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಅವರು ಪತ್ರ ಬರೆದದ್ದೂ ಇದಕ್ಕೇ ಅಂತ ನನಗನ್ನಿಸುತ್ತದೆ.

‘ಬಂಡವಾಳ’ವೂ ಹೀಗೆ ಕಾಡುವ ಪದ. ನಿಮ್ಮ ಒಂದೇ ಪುಟದಲ್ಲಿ ಅದು ಮೂರು ಅರ್ಥದಲ್ಲಿ ಬಂದಿದೆ. ‘ಒಟ್ಟು ಬಂಡವಾಳ 1.60 ಕೋಟಿ’ ಅನ್ನುವಾಗ ಯೋಜನೆಯ ವೆಚ್ಚ, ‘ಸದಸ್ಯರ ಬಂಡವಾಳ 40 ಲಕ್ಷ’ ಅನ್ನುವಾಗ ಷೇರು ಹಣ, ‘ಬಂಡವಾಳಕ್ಕೆ 30 ಲಕ್ಷ ಬೇಕು’ ಅನ್ನುವಾಗ ಕಬ್ಬು ಕೊಳ್ಳಲು ಕೈಯಲ್ಲಿ ಇಟ್ಟುಕೊಳ್ಳುವ ದುಡಿಯುವ ಬಂಡವಾಳ. ಮೂರಕ್ಕೂ ‘ಕ್ಯಾಪಿಟಲ್’ ಅಂತಲೇ ಬರೆಯಲಾಗಿದೆ. ಪ್ರಾಜೆಕ್ಟ್ ಕಾಸ್ಟ್, ಮೆಂಬರ್ಸ್ ಇಕ್ವಿಟಿ, ವರ್ಕಿಂಗ್ ಕ್ಯಾಪಿಟಲ್ ಅಂತ ಬಿಡಿಸಿದರೆ ಸಾಕು. ಈ 30 ಲಕ್ಷವೂ ಮೇಲಿನ 30 ಲಕ್ಷ ಲಾಭವೂ ಒಂದೇ ಸಂಖ್ಯೆ ಆಗಿರುವುದರಿಂದ ಇಲ್ಲಿ ಹೆಸರು ಇನ್ನೂ ಸ್ಪಷ್ಟವಾಗಿರಬೇಕು.

ಸಂಖ್ಯೆಗಳಿಗೆ ಕೊಟ್ಟಷ್ಟೇ ಗಮನ ಮಾತಿಗೂ ಬೇಕು. ಊಹೆ ಕೂತಿರುವುದು ಮಾತಿನಲ್ಲಿ.

ನಿಮ್ಮ ಕನ್ನಡದಲ್ಲಿ ಹೀಗಿದೆ: ‘ಸದಸ್ಯರ 150 ಎಕರೆ ಕಬ್ಬು ಇದ್ದು, ನಾಲೆ ನೀರು ಸರಿಯಾಗಿ ಬಂದರೆ ಕಬ್ಬಿಗೆ ತೊಂದರೆ ಇಲ್ಲ.’ ಇಂಗ್ಲಿಷಿನಲ್ಲಿ ಇದು ‘150 ಎಕರೆಯಿಂದ ಕಬ್ಬಿನ ಪೂರೈಕೆ ಅಶ್ಯೂರ್ಡ್ ಆಗಿದೆ’ ಅನ್ನುವ ಅರ್ಥದಲ್ಲಿ ಬಂದಿದೆ. ‘ನಾಲೆ ನೀರು ಸರಿಯಾಗಿ ಬಂದರೆ’ ಅನ್ನುವ ನಾಲ್ಕು ಪದ ಬಿದ್ದುಹೋಗಿದೆ, ‘ತೊಂದರೆ ಇಲ್ಲ’ ಅನ್ನುವ ನಂಬಿಕೆಯ ಮಾತು ಖಾತರಿಯ ಮಾತಾಗಿದೆ. ಅಶ್ಯೂರ್ಡ್, ಗ್ಯಾರಂಟೀಡ್, ಕಮಿಟೆಡ್ ಅಂತ ಬರೆದರೆ ಸಾಲ ಕೊಡುವವರು ಅದರ ಹಿಂದೆ ಸಹಿ ಹಾಕಿದ ಒಪ್ಪಂದ ಇದೆ ಅಂತ ಓದುತ್ತಾರೆ. ಸೆಕ್ಯೂರ್ಡ್ ಅಂದರಂತೂ ಅಡಮಾನದ ಅರ್ಥ ಬರುತ್ತದೆ. ಆ 150 ಎಕರೆಯವರು ಕಬ್ಬನ್ನು ನಿಮಗೇ ಕೊಡುತ್ತೇವೆ ಅಂತ ಬರೆದುಕೊಟ್ಟಿದ್ದಾರಾ? ಕಾರ್ಖಾನೆಯವರು ಕೈಗೆ ಕೂಡಲೇ ದುಡ್ಡು ಇಟ್ಟರೆ, ಪಕ್ಕದ ಆಲೆಮನೆಯವರು ನೂರು ರೂಪಾಯಿ ಹೆಚ್ಚು ಕೊಟ್ಟರೆ ಗಾಡಿ ಯಾವ ಕಡೆ ತಿರುಗುತ್ತದೆ ಅಂತ ನಿಮಗೂ ಗೊತ್ತು. ಆದ್ದರಿಂದ ‘ಸದಸ್ಯರು ಸದ್ಯ 150 ಎಕರೆಯಲ್ಲಿ ಕಬ್ಬು ಬೆಳೆಯುತ್ತಿದ್ದಾರೆ, ನಾಲೆಯಲ್ಲಿ ಎಂದಿನಂತೆ ನೀರು ಬಿಟ್ಟರೆ ಘಟಕಕ್ಕೆ ಬೇಕಾದಷ್ಟು ಸಿಗುತ್ತದೆ ಎಂದು ಕಂಪನಿ ನಿರೀಕ್ಷಿಸುತ್ತದೆ’ ಅನ್ನುವಷ್ಟೇ ಇಂಗ್ಲಿಷಿನಲ್ಲಿ ಬರಲಿ.

ನೀರಿನ ಮಾತನ್ನು ಹೊರಗಿನವರಿಗೆ ಒಂದು ವಾಕ್ಯದಷ್ಟು ಬಿಡಿಸಿ ಹೇಳಬೇಕಾಗುತ್ತದೆ. ‘ಕಟ್ಟು ನೀರು’ ಅಂದರೆ ನಮಗೆ ಸಾಕು. ಅವರಿಗೆ, ಕೆಆರ್‌ಎಸ್ ಅಣೆಕಟ್ಟಿನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರನ್ನು ಸರದಿಯ ಮೇಲೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ, ಮಳೆ ಕೈಕೊಟ್ಟ ವರ್ಷ ಸರದಿ ಕಡಿಮೆಯಾಗುತ್ತದೆ ಅಂತ ಹೇಳಬೇಕು. 2023ರಲ್ಲಿ ಮುಂಗಾರು ಸೋತು ಅಣೆಕಟ್ಟು ತುಂಬದೆ ಮಂಡ್ಯದ ರೈತರು ಬೀದಿಗಿಳಿದದ್ದನ್ನು ನಾವು ಮರೆತಿಲ್ಲ. ಇದು ವಿವರಣೆ, ಹೊಸ ಊಹೆ ಅಲ್ಲ, ಹಾಗಾಗಿ ಸೇರಿಸಬಹುದು. ಅದೇ ಉತ್ಸಾಹದಲ್ಲಿ ‘ಬರ ಬಂದರೆ ಉತ್ಪಾದನೆ ಶೇ 20 ಕಡಿಮೆ’ ಅಂತ ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಡಿ. ಆ ಸಂಖ್ಯೆ ಕನ್ನಡ ಯೋಜನೆಯಲ್ಲಿಲ್ಲ. ಸಾಲ ಕೊಡುವವರು ಅಂಥ ಲೆಕ್ಕ ಕೇಳಿದರೆ ಮೊದಲು ನಿರ್ದೇಶಕರ ಸಭೆಯಲ್ಲಿ ಇಟ್ಟು ಮೂಲ ಯೋಜನೆಗೆ ಸೇರಿಸಿ, ಅಲ್ಲಿಂದ ಇಂಗ್ಲಿಷಿಗೆ ತನ್ನಿ.

ಖರೀದಿದಾರರ ಸಾಲಿನಲ್ಲೂ ಇದೇ ತೊಡಕು ಇದೆ. ‘ಬೆಂಗಳೂರಿನ ಇಬ್ಬರು ವರ್ತಕರೊಂದಿಗೆ ಮಾತಾಗಿದೆ’ ಅನ್ನುವುದು ‘ಅಗ್ರೀಡ್’ ಆಗಿದೆ. ಈ ಒಂದು ಪದದಿಂದ ನಾನೇ ಪೆಟ್ಟು ತಿಂದಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಮೈಸೂರಿನ ಒಂದು ಸಣ್ಣ ಉದ್ದಿಮೆಗೆ ಸಾರಾಂಶ ಬರೆಯುವಾಗ ‘ಮಾತಾಗಿದೆ’ ಅನ್ನುವುದನ್ನು ಒಪ್ಪಂದವಾಗಿದೆ ಅಂತ ಬರೆದೆ. ಸಾಲ ಕೊಡುವವರು ಒಪ್ಪಂದದ ಪ್ರತಿ ಕೇಳಿದರು. ಇರಲಿಲ್ಲ. ಇಲ್ಲ ಅಂತ ಹೇಳಿದ ಮೇಲೆ ಮಿಕ್ಕ ಪ್ರತಿ ಸಾಲಿಗೂ ದಾಖಲೆ ಕೇಳಲು ಶುರು ಮಾಡಿದರು, ಮೂರು ತಿಂಗಳು ಹೋಯಿತು. ಆ ಯಜಮಾನರ ಮುಖ ನನಗೆ ಇವತ್ತಿಗೂ ನೆನಪಿದೆ. ಅವರು ಸುಳ್ಳು ಹೇಳಿರಲಿಲ್ಲ, ಅವರ ಬಾಯಲ್ಲಿ ನಾನು ಸುಳ್ಳು ಹೇಳಿಸಿದ್ದೆ. ಮಾತಾಗಿದೆ ಅಂದರೆ ಮಾತುಕತೆ ನಡೆದಿದೆ, ಅಷ್ಟೇ. ಡಿಸ್ಕಸ್ಡ್ ಅಂತ ಬರೆಯಿರಿ, ಲಿಖಿತ ಒಪ್ಪಂದ ಇನ್ನೂ ಆಗಿಲ್ಲ ಅಂತ ಸೇರಿಸಿ.

ಡಾಲರಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಯೋಜನೆ ರೂಪಾಯಿಯಲ್ಲಿದೆ, ಇಂಗ್ಲಿಷಿನಲ್ಲೂ ರೂಪಾಯಿಯೇ ಮುಂದಿರಲಿ. ಡಾಲರನ್ನು ಓದುವವರ ಅನುಕೂಲಕ್ಕೆ ಪಕ್ಕದ ಕಲಮಿನಲ್ಲಿ ಕೊಡಿ. ಒಂದೇ ದರ ಹಿಡಿದು, ಅದು ಯಾವ ದಿನದ್ದು, ಎಲ್ಲಿಯದು ಅಂತ ಮೇಲೆ ಬರೆಯಿರಿ. ಉದಾಹರಣೆಗೆ ಡಾಲರಿಗೆ 85 ರೂಪಾಯಿ ಹಿಡಿದರೆ ನಿಮ್ಮ 1.20 ಕೋಟಿ ಸಾಲ ಸುಮಾರು 1,41,000 ಡಾಲರ್ ಆಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು `141,000` ಅಂತ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ ಬರೆಯಬೇಕು. ಮೂರು ವರ್ಷಕ್ಕೂ ಅದೇ ದರ ಹಾಕಿದರೆ ರೂಪಾಯಿ ಮೌಲ್ಯ ಬದಲಾಗುವುದಿಲ್ಲ ಅಂತ ಊಹಿಸಿದ ಹಾಗಾಯಿತು, ಅದನ್ನೂ ಹೇಳಿ. ಶೇ 11 ಬಡ್ಡಿ ಇಲ್ಲಿನ ಬ್ಯಾಂಕ್ ಹೇಳಿದ ದರದ ಮೇಲೆ ಹಿಡಿದದ್ದು ಅಂತ ನಿಮ್ಮ ಟಿಪ್ಪಣಿಯಲ್ಲಿದೆ. ಹೊರಗಿನ ಸಾಲದ ದರ ಬೇರೆಯೇ ಇರುತ್ತದೆ, ಆದರೂ ಇಂಗ್ಲಿಷಿನಲ್ಲಿ 11ನ್ನೇ ಇಟ್ಟು ಅದು ಎಲ್ಲಿಂದ ಬಂತು ಅಂತ ಬರೆಯಿರಿ. ಸಾಲ ಕೊಡುವವರ ದರವನ್ನು ಊಹಿಸಿ ತಿದ್ದುವುದು ನಿಮ್ಮ ಕೆಲಸ ಅಲ್ಲ. ಹೊರದೇಶದ ಸಾಲ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಬರುತ್ತದೆ, ಹಣ ಇಳಿಯುವ ಮೊದಲು ನಿಮ್ಮ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿನಿಂದ ಸಾಲದ ನೋಂದಣಿ ಸಂಖ್ಯೆ ಪಡೆಯಬೇಕು. ಆ ಅರ್ಜಿಯಲ್ಲಿ ಹೋಗುವ ಮೊತ್ತಕ್ಕೂ ಈ ಸಾರಾಂಶದ ಮೊತ್ತಕ್ಕೂ ವ್ಯತ್ಯಾಸ ಇರಬಾರದು. ಆದ್ದರಿಂದ ತಿದ್ದಿದ ಪ್ರತಿಯನ್ನು ನಿಮ್ಮ ಲೆಕ್ಕ ಪರಿಶೋಧಕರಿಗೂ ಒಮ್ಮೆ ತೋರಿಸಿ.

ತಿದ್ದಿ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಕನ್ನಡ ಪ್ರತಿಯನ್ನು ನೋಡದ ಒಬ್ಬರನ್ನು ಹಿಡಿಯಿರಿ. ಮದ್ದೂರಿನಲ್ಲೋ ಮಂಡ್ಯದಲ್ಲೋ ಕಾಮರ್ಸ್ ಪಾಠ ಮಾಡುವ ಮೇಷ್ಟರು ಯಾರಾದರೂ ಆಗಬಹುದು. ಇಂಗ್ಲಿಷ್ ಪ್ರತಿ ಮಾತ್ರ ಕೊಟ್ಟು, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳಲು ಕೇಳಿ. ನೀವು ಅಂಕಿಪಟ್ಟಿ ಹಿಡಿದು ಎದುರಿಗೆ ಕೂತುಕೊಳ್ಳಿ. ಅವರು ‘17.28 ಮಿಲಿಯನ್, ಅಂದರೆ ಒಂದು ಕೋಟಿ ಎಪ್ಪತ್ತೆರಡು ಲಕ್ಷದ ಎಂಬತ್ತು ಸಾವಿರ’ ಅಂದಾಗ ಪಟ್ಟಿಯಲ್ಲಿ ಟಿಕ್ ಹಾಕಿ. ‘ಕಬ್ಬು ಖಾತರಿಯಾಗಿ ಸಿಗುತ್ತದಂತೆ’ ಅಂದರೆ ಆ ಸಾಲನ್ನು ಮತ್ತೆ ಬರೆಯಬೇಕು. ‘ನೀರು ಬಂದರೆ ಸಿಗುತ್ತದಂತೆ’ ಅಂದರೆ ಊಹೆ ಸುರಕ್ಷಿತವಾಗಿ ದಾಟಿದೆ. ಕೊನೆಯಲ್ಲಿ ಪಟ್ಟಿಯಲ್ಲಿ ಟಿಕ್ ಬೀಳದ ಸಂಖ್ಯೆ ಉಳಿದಿದ್ದರೆ ಅದು ಇಂಗ್ಲಿಷಿನಲ್ಲಿ ಬಿಟ್ಟುಹೋಗಿದೆ. ಪಟ್ಟಿಯಲ್ಲಿಲ್ಲದ ಸಂಖ್ಯೆ ಅವರ ಬಾಯಲ್ಲಿ ಬಂದರೆ ಅದು ಎಲ್ಲಿಂದಲೋ ಒಳಗೆ ನುಗ್ಗಿದೆ. ನಿಮ್ಮ 10.25 ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು.

ಈ ಕೆಲಸದಲ್ಲಿ ಕನ್ನಡ ಪ್ರತಿಯ ತಪ್ಪೂ ಕಣ್ಣಿಗೆ ಬೀಳುತ್ತದೆ. ನಿಮ್ಮದರಲ್ಲಿ ಜಿಎಸ್‌ಟಿಯ ಮೌನ, ಬಾಗಿಲ ದರದ ಮೌನ ಅಂಥವು. ಅವನ್ನು ಇಂಗ್ಲಿಷಿನಲ್ಲಿ ಸದ್ದಿಲ್ಲದೆ ಸರಿಮಾಡಿ ಕಳಿಸಬೇಡಿ. ಕನ್ನಡ ಪ್ರತಿಯನ್ನು ತಿದ್ದಿ, ಮೇಲೆ ತಾರೀಖು ಹಾಕಿ, ಇಂಗ್ಲಿಷ್ ಪ್ರತಿಯ ಮೇಲೂ ಅದೇ ತಾರೀಖು ಹಾಕಿ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 04/05 ಅಂದರೆ ಕೆಲವರಿಗೆ ಮೇ, ಕೆಲವರಿಗೆ ಏಪ್ರಿಲ್.

ಅವರ ಪತ್ರಕ್ಕೆ ಉತ್ತರವನ್ನು ತಡ ಮಾಡಬೇಡಿ, ಉದ್ದ ಮಾಡಬೇಡಿ. ಹಳೆಯ ಸಾರಾಂಶದಲ್ಲಿ ಮಾರಾಟ 17.7 ಮಿಲಿಯನ್ ಎಂದಿತ್ತು, ಸರಿಯಾದದ್ದು 17.28. ಕಾರಣ, ಸಕ್ಕರೆ ಕಾರ್ಖಾನೆಗಳ ದರಕ್ಕೆ ಸಂಬಂಧಿಸಿದ 10.25ನ್ನು ಬೆಲ್ಲದ ಇಳುವರಿ ಎಂದು ತಪ್ಪಾಗಿ ಬಳಸಲಾಗಿತ್ತು. ನೆಟ್ ಪ್ರಾಫಿಟ್ ಎಂದು ತೋರಿಸಿದ 3 ಮಿಲಿಯನ್ ಬಡ್ಡಿ, ಸವಕಳಿ, ತೆರಿಗೆಗೆ ಮೊದಲಿನದು, ತೆರಿಗೆಗೆ ಮೊದಲಿನ ಲಾಭ 0.38 ಮಿಲಿಯನ್. ಕಬ್ಬಿನ ಪೂರೈಕೆ ಮತ್ತು ಖರೀದಿದಾರರ ಬಗ್ಗೆ ಬರೆದದ್ದು ನಿರೀಕ್ಷೆ ಮತ್ತು ಮಾತುಕತೆ, ಒಪ್ಪಂದಗಳಲ್ಲ. ಲೆಕ್ಕದ ಪಟ್ಟಿಯಲ್ಲಿ ಬದಲಾವಣೆ ಇಲ್ಲ. ಈ ಐದಾರು ವಾಕ್ಯ ಬರೆದು, ಹಳೆಯ ಪ್ರತಿ ರದ್ದಾಗಿದೆ ಅಂತ ಸ್ಪಷ್ಟವಾಗಿ ಹೇಳಿ, ಹೊಸ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಜಿಎಸ್‌ಟಿ ವಿಚಾರಿಸಿದಾಗ 60 ರೂಪಾಯಿ ತೆರಿಗೆ ಸೇರಿದ್ದು ಅಂತ ಗೊತ್ತಾದರೆ ಮಾತ್ರ ಪಟ್ಟಿಯೂ ಬದಲಾಗುತ್ತದೆ. ಆಗ ಪತ್ರ ಕಳಿಸುವ ಮೊದಲು ಹೊಸ ಪಟ್ಟಿಯನ್ನು ನನಗೊಮ್ಮೆ ಕಳಿಸಿ, ನೋಡಿಕೊಡುತ್ತೇನೆ.